ಬ್ಯಾಟರಿ 12.7 ತೋರಿಸುತ್ತೆ, ಮಿಕ್ಸಿ ಹಾಕಿದ್ರೆ ಕುಸಿಯುತ್ತೆ: ಒಳರೋಧದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೀಟರ್ ಇಟ್ಟರೆ 12.7 ವೋಲ್ಟ್ ಇದೆ. ಆದರೂ ಕರೆಂಟ್ ಹೋದಾಗ ಮಿಕ್ಸಿ ಹಾಕಿದ ತಕ್ಷಣ ಇನ್ವರ್ಟರ್ ಕೂಗಿ ಆಫ್ ಆಗುತ್ತೆ. ಇದು ಹೇಗೆ?

ನಮ್ಮ ಮನೆಯಲ್ಲೂ ಇದೇ ಆಯಿತು. 150 ಆಂಪಿಯರ್ ಅವರ್ ಟ್ಯೂಬುಲರ್ ಬ್ಯಾಟರಿ, 900 ವಿಎ ಇನ್ವರ್ಟರ್. ನಾಲ್ಕು ವರ್ಷ ಸುಮ್ನೆ ಕೆಲಸ ಮಾಡಿತ್ತು. ಆಮೇಲೆ ಒಂದು ದಿನ ಬೆಳಗ್ಗೆ ಚಟ್ನಿ ಅರೆಯಲು ಹೋದರೆ ಮಿಕ್ಸಿ ಒಂದು ಸಲ ಗುರ್ ಅಂದಿತು, ಇನ್ವರ್ಟರ್ ಬೀಪ್ ಅಂದಿತು, ಮನೆ ಕತ್ತಲಾಯಿತು. ಅಂಗಡಿಯಿಂದ ಬಂದ ಹುಡುಗ ಮೀಟರ್ ಇಟ್ಟು "12.7 ಇದೆ ಸಾರ್, ಬ್ಯಾಟರಿ ಫಸ್ಟ್ ಕ್ಲಾಸ್, ಇನ್ವರ್ಟರ್ ಹೋಗಿರಬೇಕು" ಎಂದು ಹೇಳಿ ಹೋದ. ಅವನು ನೋಡಿದ ಸಂಖ್ಯೆ ಸರಿಯಾಗಿಯೇ ಇತ್ತು. ಅದರಿಂದ ಅವನು ತೆಗೆದ ತೀರ್ಮಾನ ತಪ್ಪು.

ಮೀಟರ್ ಬ್ಯಾಟರಿಯಿಂದ ಏನೂ ಎಳೆಯುವುದಿಲ್ಲ ಎಂದೇ ಹೇಳಬಹುದು. ಆಂಪಿಯರ್‌ನ ಹತ್ತು ಲಕ್ಷದ ಒಂದೆರಡು ಪಾಲು ಅಷ್ಟೇ. ಮೇಲಿನ ಟ್ಯಾಂಕಿನಿಂದ ಬರುವ ಪೈಪಿನಲ್ಲಿ ಉಪ್ಪು ಕಟ್ಟಿದೆ ಅಂದುಕೊಳ್ಳಿ. ನಲ್ಲಿ ಮುಚ್ಚಿದ್ದರೆ ಒತ್ತಡ ಪೂರ್ತಿ ಇರುತ್ತದೆ, ಬೆರಳಿಟ್ಟು ನೋಡಿದರೂ ಗೊತ್ತಾಗುವುದಿಲ್ಲ. ನಲ್ಲಿ ಪೂರ್ತಿ ತಿರುಗಿಸಿದಾಗಲೇ ಸಣ್ಣ ಧಾರೆ ಬರುವುದು ಕಾಣೋದು. ಬ್ಯಾಟರಿಯೊಳಗಿನ ಆ ಕಟ್ಟಿದ ಪೈಪೇ ಒಳರೋಧ, ಪಿಯುಸಿ ಪುಸ್ತಕದಲ್ಲಿ ಆಂತರಿಕ ರೋಧ ಎಂದು ಓದಿದ್ದು. ಎಷ್ಟು ಆಂಪಿಯರ್ ಹರಿಯುತ್ತದೋ ಅದನ್ನು ಒಳರೋಧದಿಂದ ಗುಣಿಸಿದಷ್ಟು ವೋಲ್ಟ್ ಬ್ಯಾಟರಿಯ ಒಳಗೇ ಖರ್ಚಾಗುತ್ತದೆ. ಉಳಿದದ್ದು ಮಾತ್ರ ಹೊರಗಿನ ಟರ್ಮಿನಲ್‌ಗೆ ಬರುತ್ತದೆ. ಈ ಒಳರೋಧವನ್ನು ಮನೆಯಲ್ಲೇ ಒಂದು ಸಣ್ಣ ಲೋಡ್, ಒಂದು ದೊಡ್ಡ ಲೋಡ್ ಹಾಕಿ ಅಳೆಯಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾವು ಕರೆಂಟ್ ಅಂದರೆ ಮನೆಗೆ ಬರುವ ವಿದ್ಯುತ್ತು, "ಕರೆಂಟ್ ಹೋಯ್ತು" ಅನ್ನುವ ಕರೆಂಟು. ಈ ಲೇಖನದಲ್ಲಿ ವೈರಿನಲ್ಲಿ ಹರಿಯುವುದನ್ನು ಆಂಪಿಯರ್ ಎಂದೇ ಕರೆಯುತ್ತೇನೆ, ಇಲ್ಲದಿದ್ದರೆ ನನಗೇ ಗೊಂದಲ.

ಒಂದೇ ಲೋಡ್ ಹಾಕಿ ವೋಲ್ಟೇಜ್ ಎಷ್ಟು ಇಳಿಯಿತು ಅಂತ ನೋಡಿದರೆ ಸಾಲದಾ? ಎರಡು ಲೋಡ್ ಯಾಕೆ?

ಸಾಲದು. ಲೋಡೇ ಇಲ್ಲದ ವೋಲ್ಟೇಜ್ ನಂಬಿಕೆಗೆ ಯೋಗ್ಯವಲ್ಲ, ಅದಕ್ಕೇ.

ಚಾರ್ಜ್ ಆಗಿ ಸ್ವಲ್ಪ ಹೊತ್ತಿನ ಹಿಂದೆ ನಿಂತ ಬ್ಯಾಟರಿ ತನ್ನ ನಿಜವಾದ ಮಟ್ಟಕ್ಕಿಂತ ಮೇಲೇ ತೋರಿಸುತ್ತದೆ. ಪ್ಲೇಟಿನ ಮೇಲ್ಮೈಯಲ್ಲಿ, ರಂಧ್ರಗಳಲ್ಲಿ ಗಟ್ಟಿ ಆಸಿಡ್ ಇನ್ನೂ ಹರಡಿಕೊಂಡಿರುವುದಿಲ್ಲ. ಒಂದೆರಡು ಆಂಪಿಯರ್ ಎಳೆದರೂ ಸಾಕು, ಆ ಹುಸಿ ವೋಲ್ಟೇಜ್ ಕಳಚಿ ಬೀಳುತ್ತದೆ. ಇದಲ್ಲದೆ ಪ್ಲೇಟಿನ ಮೇಲೆ ರಾಸಾಯನಿಕ ಕ್ರಿಯೆ ಶುರುವಾಗಲಿಕ್ಕೇ ಒಂದಿಷ್ಟು ವೋಲ್ಟ್ ಬೇಕು. ಇದು ಆಂಪಿಯರ್ ಜೊತೆ ಸರಳ ರೇಖೆಯಲ್ಲಿ ಏರುವುದಿಲ್ಲ, ಮೊದಲ ಕೆಲವು ಆಂಪಿಯರ್‌ಗೇ ಜಾಸ್ತಿ ಪಾಲು ನುಂಗಿಬಿಡುತ್ತದೆ. ಹಾಗಾಗಿ ಸೊನ್ನೆ ಆಂಪಿಯರ್‌ನಿಂದ ಹತ್ತು ಆಂಪಿಯರ್‌ವರೆಗಿನ ಇಳಿತ ಯಾವಾಗಲೂ ಉತ್ಪ್ರೇಕ್ಷೆ. ಎರಡೂ ಅಳತೆಗಳನ್ನು ಲೋಡ್ ಇದ್ದಾಗಲೇ ತೆಗೆದುಕೊಂಡರೆ ಈ ಎರಡೂ ತೊಂದರೆ ಎರಡೂ ಕಡೆ ಇರುತ್ತವೆ, ಕಳೆದಾಗ ಬಹುಪಾಲು ಹೋಗಿಬಿಡುತ್ತವೆ. ಉಳಿಯುವುದು ಎರಡು ಬಿಂದುಗಳ ನಡುವಿನ ಇಳಿಜಾರು. ನಮಗೆ ಬೇಕಾದದ್ದು ಅದೇ.

```
R = (V1 - V2) / (I2 - I1)
```

V1, I1 ಕಡಿಮೆ ಲೋಡಿನವು. V2, I2 ಹೆಚ್ಚು ಲೋಡಿನವು. ಇಷ್ಟೇ ಸೂತ್ರ.

ಇದು ನಾನು ಕೂತು ಕಟ್ಟಿದ ವಿದ್ಯೆ ಅಲ್ಲ. ಟೆಲಿಫೋನ್ ಎಕ್ಸ್‌ಚೇಂಜ್, ಸಬ್‌ಸ್ಟೇಷನ್‌ಗಳಲ್ಲಿ ಕೂರಿಸುವ ಸೀಲ್ ಮಾಡಿದ ಲೆಡ್ ಆಸಿಡ್ ಬ್ಯಾಟರಿಗಳಿಗೆ IEC 60896-21 ಅನ್ನುವ ಮಾನದಂಡ ಇದೆ, ಅದರಲ್ಲಿ ಇರುವುದೂ ಇದೇ ಎರಡು ಬಿಂದುಗಳ ವಿಧಾನ. ಹತ್ತು ಗಂಟೆಯ ರೇಟಿಂಗಿನ ಆಂಪಿಯರ್‌ನ ನಾಲ್ಕು ಪಟ್ಟು 20 ಸೆಕೆಂಡ್ ಎಳೆದು ಒಂದು ಓದು, ಸ್ವಲ್ಪ ಬಿಟ್ಟು ಇಪ್ಪತ್ತು ಪಟ್ಟು 5 ಸೆಕೆಂಡ್ ಎಳೆದು ಇನ್ನೊಂದು. ನಮ್ಮ ಗಾತ್ರದ ಬ್ಯಾಟರಿಗೆ ಆ ಇಪ್ಪತ್ತು ಪಟ್ಟು ಅಂದರೆ 300 ಆಂಪಿಯರ್ ಆಸುಪಾಸು. ಮನೆಯಲ್ಲಿ ಅದನ್ನು ಎಳೆಯುವ ಸಾಧನವೂ ಇಲ್ಲ, ಎಳೆಯಬಾರದು ಕೂಡ. ಹಾಗಾಗಿ ನಮ್ಮ ಕೈಗೆ ಸಿಗುವ 10 ಮತ್ತು 50 ಆಂಪಿಯರ್‌ನಲ್ಲಿ ಮಾಡುತ್ತೇವೆ.

ಏನೇನು ಬೇಕು?

ಎರಡು ದಶಾಂಶ ತೋರಿಸುವ ಸಾಮಾನ್ಯ ಮಲ್ಟಿಮೀಟರ್ ಒಂದು. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಒಂದು. ಕೊಳ್ಳುವಾಗ ಇದನ್ನು ನೋಡಿಕೊಳ್ಳಿ, ಅಗ್ಗದ ಕ್ಲ್ಯಾಂಪ್ ಮೀಟರ್‌ಗಳಲ್ಲಿ ಬಹಳಷ್ಟು ಎಸಿ ಆಂಪಿಯರ್ ಮಾತ್ರ ಅಳೆಯುತ್ತವೆ, ಬ್ಯಾಟರಿ ವೈರಿಗೆ ಹಾಕಿದರೆ ಏನೇನೋ ತೋರಿಸುತ್ತವೆ. ಮಲ್ಟಿಮೀಟರಿನ 10A ತೂತಿಗೆ ವೈರು ಸಿಕ್ಕಿಸಿ 50 ಆಂಪಿಯರ್ ಅಳೆಯಲು ದಯವಿಟ್ಟು ಹೋಗಬೇಡಿ. ಎಷ್ಟೋ ಮೀಟರ್‌ಗಳಲ್ಲಿ ಆ ತೂತಿಗೆ ಫ್ಯೂಸೇ ಇರುವುದಿಲ್ಲ. ಕ್ಲ್ಯಾಂಪ್ ಸಿಗದಿದ್ದರೆ 100 ಆಂಪಿಯರ್‌ಗೆ 75 ಮಿಲಿವೋಲ್ಟ್ ಕೊಡುವ ಹಿತ್ತಾಳೆ ಷಂಟ್ ಸಿಗುತ್ತದೆ, ಅದನ್ನು ನೆಗೆಟಿವ್ ವೈರಿನಲ್ಲಿ ಸೇರಿಸಿ ಮಿಲಿವೋಲ್ಟ್ ಓದಿದರೂ ಆಯಿತು.

ಲೋಡಿಗೆ ಹಳೇ ಕಾಲದ 100 ವ್ಯಾಟ್ ಫಿಲಮೆಂಟ್ ಬಲ್ಬು ಐದು, ಒಂದು ಹಲಗೆಗೆ ಹೋಲ್ಡರ್ ಹೊಡೆದು ಪ್ರತಿಯೊಂದಕ್ಕೂ ಒಂದು ಸ್ವಿಚ್, ಇದನ್ನು ಸಿಕ್ಕಿಸುವುದು ಇನ್ವರ್ಟರ್ ಔಟ್‌ಪುಟ್‌ಗೆ. ಎಲೆಕ್ಟ್ರಿಷಿಯನ್ ಹತ್ತಿರ ಇಂಥ ಬೋರ್ಡ್ ಇದ್ದೇ ಇರುತ್ತದೆ, ಒಂದು ಸಂಜೆಗೆ ಕೇಳಿ ತನ್ನಿ. ಎಲ್‌ಇಡಿ ಬಲ್ಬು ಪ್ರಯೋಜನವಿಲ್ಲ. 9 ವ್ಯಾಟಿನ ಐದು ಸೇರಿದರೂ ಬ್ಯಾಟರಿಗೆ ಸೊಳ್ಳೆ ಕಚ್ಚಿದಂತೆ. ಫ್ಯಾನು, ಫ್ರಿಜ್ಜು ಬೇಡ, ಅವು ಎಳೆಯುವ ಆಂಪಿಯರ್ ಕುಣಿಯುತ್ತಿರುತ್ತದೆ.

ಅಳೆಯುವುದು ಹೇಗೆ, ಸರಿಯಾಗಿ ಹೇಳಿ

ನಾನು ಮಾಡಿದ್ದನ್ನೇ ಹೇಳುತ್ತೇನೆ.

ಹಿಂದಿನ ರಾತ್ರಿ ಪೂರ್ತಿ ಚಾರ್ಜ್ ಆಗಲು ಬಿಟ್ಟೆ. ಬೆಳಗ್ಗೆ ಇನ್ವರ್ಟರ್‌ಗೆ ಬರುವ ಮೇನ್ಸ್ ಸ್ವಿಚ್ ಆಫ್ ಮಾಡಿದೆ. ಇದನ್ನು ಮರೆತರೆ ಅಳೆಯುವುದು ಬ್ಯಾಟರಿಯನ್ನಲ್ಲ, ಚಾರ್ಜರನ್ನು. ಮನೆಯ ಉಳಿದೆಲ್ಲ ಲೋಡ್ ತೆಗೆಸಿದೆ. ಕಿಟಕಿ ತೆಗೆದೆ, ಕೈಯಲ್ಲಿದ್ದ ಉಂಗುರ ಬಿಚ್ಚಿಟ್ಟೆ. ಚಾರ್ಜ್ ಆದ ಬ್ಯಾಟರಿಯ ಹತ್ತಿರ ಹೈಡ್ರೋಜನ್ ಇರುತ್ತದೆ, ಟರ್ಮಿನಲ್ ಹತ್ತಿರ ಕಿಡಿ ಹಾರಿಸುವ ಕೆಲಸವನ್ನು ಯಾರೂ ಮಾಡಬಾರದು. ಲೋಡ್ ಹಾಕುವುದು ತೆಗೆಯುವುದು ಏನಿದ್ದರೂ ಬಲ್ಬಿನ ಸ್ವಿಚ್ಚಿನಲ್ಲೇ.

ಎರಡು ಗಂಟೆ ಹಾಗೇ ಬಿಟ್ಟೆ. ಮೀಟರ್ 12.71 ತೋರಿಸಿತು. ಬರೆದುಕೊಂಡೆ, ಆದರೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಮೇಲೆ ಎರಡು ಬಲ್ಬು ಹಾಕಿ ಐದು ನಿಮಿಷ ಉರಿಸಿದೆ, ಮೇಲ್ಮೈಯ ಹುಸಿ ಚಾರ್ಜ್ ಕಳೆಯಲಿ ಅಂತ.

ಮೀಟರಿನ ಮೊನೆಗಳನ್ನು ಬ್ಯಾಟರಿಯ ಸೀಸದ ಕಂಬದ ಮೇಲೇ ಒತ್ತಿ ಹಿಡಿದೆ, ವೈರಿನ ತುದಿಗೆ ಹಾಕಿರುವ ಲೋಹದ ಲಗ್ ಮೇಲಲ್ಲ. ಇದು ಯಾಕೆ ಎಂದು ಕೆಳಗೆ ಬರುತ್ತದೆ. ಕ್ಲ್ಯಾಂಪ್ ಮೀಟರನ್ನು ವೈರಿನ ಪಕ್ಕದಲ್ಲೇ ಹಿಡಿದು ಸೊನ್ನೆ ಮಾಡಿ, ಆಮೇಲೆ ಒಂದೇ ವೈರಿನ ಸುತ್ತ ಹಾಕಿದೆ. ಎರಡೂ ವೈರು ಒಳಗೆ ಸೇರಿದರೆ ಒಂದಕ್ಕೊಂದು ವಜಾ ಆಗಿ ಸೊನ್ನೆಯೇ ಬರುತ್ತದೆ.

ಒಂದು ಬಲ್ಬು. ಗಡಿಯಾರ ನೋಡಿ 20 ಸೆಕೆಂಡ್. 12.46 ವೋಲ್ಟ್, 10.6 ಆಂಪಿಯರ್.

ಉಳಿದ ನಾಲ್ಕನ್ನೂ ಒಂದೊಂದಾಗಿ ಹಾಕಿದೆ. ಫಿಲಮೆಂಟ್ ತಣ್ಣಗಿದ್ದಾಗ ಕಣ್ಣು ಮಿಟುಕಿಸುವಷ್ಟು ಹೊತ್ತು ಹತ್ತು ಪಟ್ಟಿಗೂ ಜಾಸ್ತಿ ಎಳೆಯುತ್ತದೆ, ಐದನ್ನೂ ಒಟ್ಟಿಗೆ ಹಾಕಿದರೆ ಇನ್ವರ್ಟರ್ ಓವರ್‌ಲೋಡ್ ಎಂದು ಮುನಿಸಿಕೊಳ್ಳಬಹುದು. ಕೊನೆಯ ಬಲ್ಬಿನಿಂದ 20 ಸೆಕೆಂಡ್. 11.79 ವೋಲ್ಟ್, 50.1 ಆಂಪಿಯರ್. ನನ್ನ ತಂಗಿ ಕ್ಲ್ಯಾಂಪ್ ಓದುತ್ತಿದ್ದಳು, ನಾನು ವೋಲ್ಟೇಜ್. ಒಬ್ಬರೇ ಎರಡನ್ನೂ ಓದಲು ಹೋದರೆ ನಡುವೆ ಐದಾರು ಸೆಕೆಂಡ್ ಜಾರಿಬಿಡುತ್ತದೆ.

ಆಮೇಲೆ ಎಲ್ಲ ಆಫ್ ಮಾಡಿ ಐದು ನಿಮಿಷ ಬಿಟ್ಟು ಇನ್ನೆರಡು ಸಲ ಮಾಡಿದೆ. ಮೂರೂ ಸಲ ಹೆಚ್ಚುಕಮ್ಮಿ ಅದೇ ಬಂತು.

ಲೆಕ್ಕ?

```
R = (12.46 - 11.79) / (50.1 - 10.6)
  = 0.67 / 39.5
  = 0.017 ohm
```

ಅಂದರೆ 17 ಮಿಲಿಓಮ್. ಈ ಇಳಿಜಾರನ್ನು ಹಿಂದಕ್ಕೆ ಸೊನ್ನೆ ಆಂಪಿಯರ್‌ವರೆಗೆ ಎಳೆದರೆ 12.46 ಜೊತೆಗೆ 10.6 × 0.017, ಅಂದರೆ 12.64 ವೋಲ್ಟ್ ಬರುತ್ತದೆ. ಮೀಟರ್ ಬೆಳಗ್ಗೆ ತೋರಿಸಿದ್ದು 12.71. ನಡುವಿನ 0.07 ಇದೆಯಲ್ಲ, ಅದೇ ನಾನು ಮೇಲೆ ಹೇಳಿದ ಹುಸಿ ಭಾಗ. ಸುಮ್ನೆ ಕುತೂಹಲಕ್ಕೆ 12.71 ಮತ್ತು ಒಂದೇ ಬಲ್ಬಿನ ಓದಿನಿಂದ ಲೆಕ್ಕ ಹಾಕಿ ನೋಡಿ: 0.25 ಭಾಗ 10.6, ಸುಮಾರು 24 ಮಿಲಿಓಮ್. ಅದೇ ಬ್ಯಾಟರಿ, ಅದೇ ಬೆಳಗ್ಗೆ, ಶೇಕಡಾ 40ರಷ್ಟು ತಪ್ಪು. ಒಂದು ಲೋಡ್ ಸಾಲದು ಅಂದದ್ದು ಇದಕ್ಕೇ.

ಇನ್ನು ಮುಂದೆ ಯಾವ ಲೋಡಿಗೆ ಎಷ್ಟು ಇಳಿಯುತ್ತದೆ ಅಂತ ಹೇಳಲು 12.64 ಮತ್ತು 0.017 ಈ ಎರಡು ಸಂಖ್ಯೆ ಸಾಕು.

17 ಮಿಲಿಓಮ್ ಜಾಸ್ತಿನಾ, ಕಮ್ಮಿನಾ?

ಆಗ ನನಗೂ ಗೊತ್ತಿರಲಿಲ್ಲ. ಆಮೇಲೆ ಹೊಸ ಬ್ಯಾಟರಿ ಬಂದಾಗ, ಅದೂ 150 ಆಂಪಿಯರ್ ಅವರ್ ಟ್ಯೂಬುಲರೇ, ಅದೇ ಬಲ್ಬು ಅದೇ ವೈರಿನಲ್ಲಿ ಅಳೆದೆ. ಒಂದು ಬಲ್ಬಿಗೆ 12.60 ವೋಲ್ಟ್, 10.5 ಆಂಪಿಯರ್. ಐದಕ್ಕೆ 12.37 ವೋಲ್ಟ್, 48.4 ಆಂಪಿಯರ್. ಲೆಕ್ಕ ಹಾಕಿದರೆ 6 ಮಿಲಿಓಮ್. ಹಳೆಯದು ಇದರ ಸುಮಾರು ಮೂರು ಪಟ್ಟು ಅಂದಮೇಲೆ ಬೇರೆ ಸಾಕ್ಷಿ ಬೇಡ.

ಎಲ್ಲರ ಬ್ಯಾಟರಿಗೂ ಇಷ್ಟೇ ಇರಬೇಕು ಅಂತ ಒಂದು ಸಂಖ್ಯೆ ಕೊಡಲು ನನಗೆ ಇಷ್ಟವಿಲ್ಲ. ಗಾತ್ರ ದೊಡ್ಡದಾದಷ್ಟೂ ಒಳರೋಧ ಕಮ್ಮಿ. ಪ್ಲೇಟಿನ ಬಗೆ, ಚಾರ್ಜ್ ಎಷ್ಟಿದೆ, ಚಳಿ ಎಷ್ಟಿದೆ, ಎಲ್ಲದಕ್ಕೂ ಅದು ಬದಲಾಗುತ್ತದೆ. ಒಳ್ಳೆಯ ಹೋಲಿಕೆ ಅಂದರೆ ಅದೇ ಬ್ಯಾಟರಿ ಹೊಸದಾಗಿದ್ದಾಗಿನ ಸಂಖ್ಯೆ. ಹೊಸ ಬ್ಯಾಟರಿ ತಂದ ವಾರದಲ್ಲೇ ಅಳೆದು ಅದರ ಮೈಮೇಲೆ ಮಾರ್ಕರಿನಲ್ಲಿ ಬರೆದುಬಿಡಿ. ನಾನು ಬರೆದಿದ್ದೇನೆ. ವಾರಂಟಿ ಕಾರ್ಡ್ ಎಲ್ಲಿ ಇಟ್ಟಿದ್ದೇನೋ ಗೊತ್ತಿಲ್ಲ, ಈ ಸಂಖ್ಯೆ ಮಾತ್ರ ಇದೆ.

ಸರಿ, ಮಿಕ್ಸಿ ಹಾಕಿದರೆ ಆಫ್ ಆಗುವುದಕ್ಕೂ ಈ ಸಂಖ್ಯೆಗೂ ಸಂಬಂಧ ತೋರಿಸಿ

ಇನ್ವರ್ಟರ್ ಬಲ್ಬಿನ ಹಾಗೆ ಅಲ್ಲ. ಬಲ್ಬನ್ನು ನೇರ ಬ್ಯಾಟರಿಗೆ ಸಿಕ್ಕಿಸಿದರೆ ವೋಲ್ಟೇಜ್ ಇಳಿದಾಗ ಅದು ಎಳೆಯುವುದೂ ಇಳಿಯುತ್ತದೆ. ಇನ್ವರ್ಟರ್‌ಗೆ ಮಾತ್ರ ಹೊರಗೆ ಇಷ್ಟು ವ್ಯಾಟ್ ಕೊಡಲೇಬೇಕು ಎಂಬ ಹಟ. ಬ್ಯಾಟರಿ ವೋಲ್ಟೇಜ್ ಇಳಿದರೆ ಅದನ್ನು ತುಂಬಿಕೊಳ್ಳಲು ಜಾಸ್ತಿ ಆಂಪಿಯರ್ ಎಳೆಯುತ್ತದೆ. ಜಾಸ್ತಿ ಎಳೆದರೆ ಒಳರೋಧದಲ್ಲಿ ಇನ್ನೂ ಜಾಸ್ತಿ ನಷ್ಟ, ವೋಲ್ಟೇಜ್ ಇನ್ನೂ ಕೆಳಗೆ. ಮೇಲಿನ ಓದುಗಳನ್ನೇ ನೋಡಿ, ಅದೇ ಐದು ಬಲ್ಬಿಗೆ ಹೊಸ ಬ್ಯಾಟರಿ ಕೊಟ್ಟದ್ದು 48.4 ಆಂಪಿಯರ್, ಹಳೆಯದು 50.1.

ವ್ಯಾಟ್ ಗೊತ್ತಿದ್ದರೆ ವೋಲ್ಟೇಜ್ ಎಲ್ಲಿ ನಿಲ್ಲುತ್ತದೆ ಅನ್ನುವುದಕ್ಕೆ ಸೂತ್ರ ಇದು. E ಅಂದರೆ ನಾವು ಹಿಂದಕ್ಕೆ ಎಳೆದು ತೆಗೆದ ಆ 12.64, P ಬ್ಯಾಟರಿಯಿಂದ ಹೊರಡುವ ವ್ಯಾಟ್.

```
V = (E + sqrt(E*E - 4*P*R)) / 2
```

500 ವ್ಯಾಟಿನ ಮಿಕ್ಸಿ ತಿರುಗುತ್ತಿರುವಾಗ ಬ್ಯಾಟರಿಯಿಂದ 600 ವ್ಯಾಟ್ ಹೋಗುತ್ತದೆ ಅಂದುಕೊಳ್ಳೋಣ. ಹಳೇ ಬ್ಯಾಟರಿಗೆ ಸುಮಾರು 11.77 ವೋಲ್ಟ್ ಬರುತ್ತದೆ. ತೊಂದರೆ ಇಲ್ಲ. ಆದರೆ ಮಿಕ್ಸಿ ನಿಂತಿದ್ದ ಜಾಗದಿಂದ ಎದ್ದು ತಿರುಗಲು ಶುರುಮಾಡುವ ಆ ಒಂದು ಕ್ಷಣ ಅದು ಎರಡು ಮೂರು ಪಟ್ಟು ಎಳೆಯುತ್ತದೆ, ತೆಂಗಿನಕಾಯಿ ಗಟ್ಟಿಯಾಗಿ ತುಂಬಿದ್ದರಂತೂ ಕೇಳಲೇಬೇಡಿ. 1400 ವ್ಯಾಟ್ ಎಂದು ಇಟ್ಟುಕೊಂಡು ಸೂತ್ರಕ್ಕೆ ಹಾಕಿದರೆ 10.3 ವೋಲ್ಟ್. ನನ್ನ ಇನ್ವರ್ಟರ್ 10.5ಕ್ಕೆ ಬ್ಯಾಟರಿ ಲೋ ಎಂದು ನಿಲ್ಲುತ್ತದೆ. ಸಿಕ್ಕಿತಲ್ಲ? ಬ್ಯಾಟರಿಯಲ್ಲಿ ಚಾರ್ಜ್ ಇದೆ. ಆ ಒಂದು ಕ್ಷಣ ಟರ್ಮಿನಲ್‌ನಲ್ಲಿ ವೋಲ್ಟ್ ಇಲ್ಲ. ಇನ್ವರ್ಟರ್‌ಗೆ ಕಾಣುವುದು ಟರ್ಮಿನಲ್ ಮಾತ್ರ, ಒಳಗೆ ಏನಿದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು.

ಅರ್ಧ ಚಾರ್ಜ್ ಖಾಲಿಯಾಗಿ E 12.2ಕ್ಕೆ ಬಂದಿದ್ದರೆ ಅದೇ ಕ್ಷಣ 9.8ಕ್ಕೆ ಬೀಳುತ್ತದೆ. E ಮತ್ತೆ 12.64 ಎಂದೇ ಇಟ್ಟು ಹೊಸ ಬ್ಯಾಟರಿಯ 6 ಮಿಲಿಓಮ್ ಹಾಕಿ ನೋಡಿ, 1400 ವ್ಯಾಟಿಗೂ 11.9 ನಿಲ್ಲುತ್ತದೆ. ಆಗ ಟ್ಯೂಬ್‌ಲೈಟ್ ಮಿಟುಕುವುದೂ ಇಲ್ಲ.

ಲೋಡ್ ಹಾಕಿದ ಮೇಲೆ ವೋಲ್ಟೇಜ್ ಇಳೀತಾನೇ ಇರುತ್ತೆ. ಯಾವ ಓದನ್ನು ಬರೆದುಕೊಳ್ಳಬೇಕು?

ಒಳ್ಳೇ ಪ್ರಶ್ನೆ, ಬಹಳ ಜನ ಇಲ್ಲೇ ಎಡವುವುದು. ಐದನೇ ಬಲ್ಬು ಹಾಕಿದಾಗ ನನ್ನ ಮೀಟರ್ ಮೊದಲು 11.93 ತೋರಿಸಿತು, ನೋಡುತ್ತಿದ್ದ ಹಾಗೇ 11.88, ಆಮೇಲೆ 11.83, ಆಮೇಲೆ ನಿಧಾನಕ್ಕೆ 11.79. ಇನ್ನೂ ಬಿಟ್ಟಿದ್ದರೆ ಇನ್ನೂ ಇಳಿಯುತ್ತಿತ್ತು.

ಇದರಲ್ಲಿ ಮೂರು ಬೇರೆ ಬೇರೆ ಇಳಿತ ಸೇರಿಕೊಂಡಿದೆ. ಸೀಸದ ಜಾಲರಿ, ಪ್ಲೇಟುಗಳನ್ನು ಜೋಡಿಸುವ ಪಟ್ಟಿ, ಸೆಪರೇಟರ್, ಆಸಿಡ್ ಇವುಗಳ ಅಪ್ಪಟ ರೋಧದಿಂದ ಆಗುವ ಇಳಿತ ತಕ್ಷಣದ್ದು. ಸ್ವಿಚ್ ಒತ್ತಿದ ಕ್ಷಣವೇ ಆಗಿ ಮುಗಿದಿರುತ್ತದೆ. ಪ್ಲೇಟಿನ ಮೇಲ್ಮೈಯ ರಾಸಾಯನಿಕ ಕ್ರಿಯೆಯದ್ದು ಅದರ ಬೆನ್ನಿಗೇ ಬರುತ್ತದೆ, ನಮ್ಮ ಮೀಟರ್ ಅದನ್ನು ಬೇರೆಯಾಗಿ ಹಿಡಿಯುವುದಿಲ್ಲ. ಮೂರನೆಯದು ನಿಧಾನದ್ದು. ಪ್ಲೇಟಿನ ಸಣ್ಣ ರಂಧ್ರಗಳೊಳಗಿನ ಆಸಿಡ್ ಬಳಕೆಯಾಗಿ ತೆಳ್ಳಗಾಗುತ್ತದೆ, ಹೊರಗಿನ ಗಟ್ಟಿ ಆಸಿಡ್ ಒಳಕ್ಕೆ ಹರಡಿ ಬರಬೇಕು, ಅದಕ್ಕೆ ಸೆಕೆಂಡು ನಿಮಿಷಗಳೇ ಹಿಡಿಯುತ್ತವೆ. ಲೋಡ್ ತೆಗೆದಾಗ ಇದೇ ತಿರುಗುಮುರುಗಾಗಿ ಕಾಣುತ್ತದೆ. ವೋಲ್ಟೇಜ್ ಮೊದಲು ಟಕ್ ಎಂದು ಮೇಲೆ ಜಿಗಿದು, ಆಮೇಲೆ ಆಮೆಯಂತೆ ತೆವಳುತ್ತಾ ಏರುತ್ತದೆ. ಆಫ್ ಆದ ಇನ್ವರ್ಟರ್ ಹತ್ತು ನಿಮಿಷ ಬಿಟ್ಟು ಹಾಕಿದರೆ ಮತ್ತೆ ಸ್ವಲ್ಪ ಹೊತ್ತು ಓಡುವುದು ಇದಕ್ಕೇ.

ಹಾಗಾಗಿ "ನಿಜವಾದ ಒಳರೋಧ ಎಷ್ಟು" ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಎಷ್ಟು ಸೆಕೆಂಡಿನಲ್ಲಿ ಅಳೆದಿರಿ ಅನ್ನುವುದೂ ಉತ್ತರದ ಭಾಗ. ನಾನು 20 ಸೆಕೆಂಡ್ ಎಂದು ಹಿಡಿದಿದ್ದೇನೆ, ನೀವು 10 ಎಂದರೂ ತಕರಾರಿಲ್ಲ. ಎರಡೂ ಲೋಡಿಗೆ ಅದೇ ಇರಲಿ, ಮುಂದಿನ ವರ್ಷ ಅಳೆದಾಗಲೂ ಅದೇ ಇರಲಿ. ಮಿಕ್ಸಿಯ ಆ ಒಂದು ಕ್ಷಣಕ್ಕೆ ನಿಧಾನದ ಇಳಿತ ಪೂರ್ತಿ ಸೇರುವುದಿಲ್ಲ, ಆದ್ದರಿಂದ ಮೇಲಿನ 10.3 ಸ್ವಲ್ಪ ಜಾಸ್ತಿಯೇ ಹೆದರಿಸುವ ಸಂಖ್ಯೆ. ಆದರೆ ಹೊತ್ತಿನ ಮೇಲೆ ಹೊತ್ತು ಫ್ಯಾನು ಲೈಟು ಓಡಿ ಬ್ಯಾಟರಿ ದಣಿದಿದ್ದಾಗ ಮಿಕ್ಸಿ ಹಾಕಿದರೆ ಆ ಇಳಿತ ಮೊದಲೇ ಆಗಿ ಕೂತಿರುತ್ತದೆ.

ತಪ್ಪು ಬ್ಯಾಟರಿಯದ್ದಾ, ವೈರಿನದ್ದಾ ಅಂತ ಹೇಗೆ ಗೊತ್ತಾಗುತ್ತೆ?

ಇದಕ್ಕೇ ಸೀಸದ ಕಂಬದ ಮೇಲೇ ಮೊನೆ ಇಡಿ ಅಂದದ್ದು. ನಾನು ಮೊದಲ ಸಲ ಸೋಮಾರಿತನಕ್ಕೆ ಲಗ್ ಮೇಲೆ ಇಟ್ಟು ಅಳೆದಿದ್ದೆ, 20 ಮಿಲಿಓಮ್ ಬಂದಿತ್ತು. ಕಂಬದ ಮೇಲೆ 17. ಆ 3 ಎಲ್ಲಿಂದ ಬಂತು?

ಐದೂ ಬಲ್ಬು ಉರಿಯುತ್ತಿರುವಾಗ ಒಂದು ಮೊನೆಯನ್ನು ಪಾಸಿಟಿವ್ ಕಂಬದ ಮೇಲೆ, ಇನ್ನೊಂದನ್ನು ಅದೇ ಪಾಸಿಟಿವ್ ಲಗ್ ಮೇಲೆ ಇಟ್ಟೆ. ಎರಡರ ನಡುವೆ ಒಂದು ಅಂಗುಲವೂ ಇಲ್ಲ, ಸೊನ್ನೆ ಬರಬೇಕು. ಬಂದದ್ದು 0.14 ವೋಲ್ಟ್. 50 ಆಂಪಿಯರ್‌ನಿಂದ ಭಾಗಿಸಿದರೆ 2.8 ಮಿಲಿಓಮ್. ಕಳ್ಳ ಸಿಕ್ಕಿದ. ಬಿಚ್ಚಿ ನೋಡಿದರೆ ಲಗ್ ಒಳಗೆ ಹಸಿರು ಬಿಳಿ ಪುಡಿ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒರೆಸಿ, ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ವ್ಯಾಸಲೀನ್ ಸವರಿ ಬಿಗಿ ಮಾಡಿದ ಮೇಲೆ 0.01ಕ್ಕೆ ಇಳಿಯಿತು. ಸೋಡಾ ನೀರು ಬ್ಯಾಟರಿಯ ಮುಚ್ಚಳದೊಳಗೆ ಹೋಗದ ಹಾಗೆ ನೋಡಿಕೊಳ್ಳಿ, ಹೋದರೆ ಆಸಿಡ್ ಕೆಡುತ್ತದೆ.

ವೈರೂ ಸಣ್ಣ ಆಸಾಮಿ ಅಲ್ಲ. 16 ಚದರ ಮಿಲಿಮೀಟರಿನ ತಾಮ್ರದ ವೈರು ಮೀಟರಿಗೆ ಸುಮಾರು 1.15 ಮಿಲಿಓಮ್. ಹೋಗಿ ಬರುವ ದಾರಿ ಮೂರು ಮೀಟರ್ ಆದರೆ ಮೂರೂವರೆ ಮಿಲಿಓಮ್, ಹೊಸ ಬ್ಯಾಟರಿಯ ಒಳರೋಧದ ಅರ್ಧಕ್ಕಿಂತ ಜಾಸ್ತಿ. ಬ್ಯಾಟರಿ ಮೆಟ್ಟಿಲ ಕೆಳಗೆ, ಇನ್ವರ್ಟರ್ ಮಹಡಿಯಲ್ಲಿ ಎಂದು ವೈರು ಉದ್ದ ಮಾಡಿಸಿಕೊಂಡವರ ಮನೆಯಲ್ಲಿ ನಾನು ಮೊದಲು ನೋಡುವುದೇ ಇದನ್ನು.

ಮೀಟರ್ ಅಷ್ಟು ನಿಖರ ಅಲ್ವಲ್ಲ, ಉತ್ತರ ಎಷ್ಟು ನಂಬಬಹುದು?

ಖುಷಿಯ ವಿಷಯ ಅಂದರೆ ವ್ಯತ್ಯಾಸ ತೆಗೆಯುವುದರಿಂದ ಎರಡು ಓದಿನಲ್ಲೂ ಒಂದೇ ರೀತಿ ಇರುವ ತಪ್ಪು ಹೋಗಿಬಿಡುತ್ತದೆ. ಮೀಟರ್ ಯಾವಾಗಲೂ 0.03 ಜಾಸ್ತಿ ತೋರಿಸಿದರೂ, ಕ್ಲ್ಯಾಂಪಿನ ಸೊನ್ನೆ ಅರ್ಧ ಆಂಪಿಯರ್ ಜಾರಿದ್ದರೂ ಲೆಕ್ಕಕ್ಕೆ ಧಕ್ಕೆ ಇಲ್ಲ. ಉಳಿಯುವುದು ಕೊನೆಯ ಅಂಕಿಯ ಅನುಮಾನ. ಒಂದೊಂದು ಓದಿಗೂ 0.01 ಆಚೀಚೆ ಅಂದರೆ ವ್ಯತ್ಯಾಸದಲ್ಲಿ ಹೆಚ್ಚೆಂದರೆ 0.02. ಹಳೇ ಬ್ಯಾಟರಿಯ 0.67ರಲ್ಲಿ ಅದು ಶೇಕಡಾ 3. ಹೊಸದರ 0.23ರಲ್ಲಿ ಶೇಕಡಾ 9, ಅಂದರೆ ನನ್ನ 6 ಮಿಲಿಓಮ್ ಐದೂವರೆಯೂ ಇರಬಹುದು, ಆರೂವರೆಯೂ ಇರಬಹುದು. 17ರ ಎದುರು ಇಟ್ಟಾಗ ಇದು ಲೆಕ್ಕಕ್ಕಿಲ್ಲ.

ಆದರೆ ಎರಡು ಲೋಡುಗಳ ನಡುವಿನ ಅಂತರ ಸಣ್ಣದಾದರೆ ಎಲ್ಲ ಮಣ್ಣು. ಕಾರಿನ ಹೆಡ್‌ಲೈಟ್ ಬಲ್ಬು ಎರಡು ತಂದು, 4.5 ಮತ್ತು 9 ಆಂಪಿಯರ್‌ನಲ್ಲಿ 150ರ ಹೊಸ ಬ್ಯಾಟರಿ ಅಳೆಯುತ್ತೇನೆ ಅಂದರೆ ಸಿಗುವ ವ್ಯತ್ಯಾಸ 0.03 ವೋಲ್ಟ್. ಅದರಲ್ಲಿ 0.02 ಅನುಮಾನ. ಅದೇ ಬಲ್ಬು ಸ್ಕೂಟರಿನ 5 ಆಂಪಿಯರ್ ಅವರ್ ಬ್ಯಾಟರಿಗೆ ಚೆನ್ನಾಗಿಯೇ ಒಪ್ಪುತ್ತದೆ, ಅದರ ಒಳರೋಧ ಎಷ್ಟೋ ಪಟ್ಟು ಜಾಸ್ತಿ.

ಅಂಗಡಿಯ ಪುಟ್ಟ ಟೆಸ್ಟರ್ ಇಷ್ಟು ದೊಡ್ಡ ಸಂಖ್ಯೆ ತೋರಿಸಲೇ ಇಲ್ಲ

ತೋರಿಸುವುದಿಲ್ಲ. ಅವುಗಳಲ್ಲಿ ಬಹುಪಾಲು ಸಣ್ಣ ಎಸಿ ತರಂಗ ಕಳಿಸಿ ಅಳೆಯುತ್ತವೆ, ಕೆಲವಂತೂ ಸೆಕೆಂಡಿಗೆ ಸಾವಿರ ಸಲ. ಅಷ್ಟು ವೇಗಕ್ಕೆ ನಿಧಾನದ ಇಳಿತ ಕಾಣಿಸಿಕೊಳ್ಳುವುದೇ ಇಲ್ಲ, ಜಾಲರಿ ಮತ್ತು ಆಸಿಡ್‌ನ ರೋಧ ಮಾತ್ರ ಸಿಗುತ್ತದೆ. ಹಾಗಾಗಿ ಅದು ಯಾವಾಗಲೂ ಕಮ್ಮಿ. ಎರಡೂ ಸುಳ್ಳಲ್ಲ, ಒಂದಕ್ಕೊಂದು ಹೋಲಿಸಬೇಡಿ ಅಷ್ಟೇ.

ಒಳರೋಧ ಕಮ್ಮಿ ಬಂದರೆ ಬ್ಯಾಟರಿ ಚೆನ್ನಾಗಿದೆ ಅಂತಾನಾ?

ಹಾಗಂತ ಹೇಳಲಾಗದು. ಒಳರೋಧ ಹೇಳುವುದು ಪೈಪಿನ ಅಗಲ, ಟ್ಯಾಂಕಿನ ಗಾತ್ರ ಅಲ್ಲ. ಬ್ಯಾಕಪ್ ನಾಲ್ಕು ಗಂಟೆಯಿಂದ ಎರಡಕ್ಕೆ ಇಳಿದಿದ್ದರೂ ಒಳರೋಧ ಅಷ್ಟೇನೂ ಏರದೆ ಇರಬಹುದು. ಬ್ಯಾಕಪ್ ಎಷ್ಟು ಎಂದು ತಿಳಿಯಲು ಲೋಡ್ ಹಾಕಿ ಗಡಿಯಾರ ನೋಡುತ್ತಾ ಕೂರುವುದೇ ದಾರಿ. ಇನ್ನೊಂದು ಮೋಸ: ಆರು ಸೆಲ್‌ಗಳಲ್ಲಿ ಒಂದು ಶಾರ್ಟ್ ಆಗಿದ್ದರೆ ಒಳರೋಧ ಸರಿಯಾಗಿಯೇ ಬರುತ್ತದೆ, ಆದರೆ ನಿಂತ ವೋಲ್ಟೇಜೇ ಹತ್ತೂವರೆ ಆಸುಪಾಸು ಇರುತ್ತದೆ.

ಉಲ್ಟಾ ದಿಕ್ಕಿನಲ್ಲೂ ಆತುರ ಬೇಡ. ಜಾಸ್ತಿ ಬಂದ ತಕ್ಷಣ ಬ್ಯಾಟರಿ ಎಸೆಯಬೇಡಿ. ಅರ್ಧ ಚಾರ್ಜಿನಲ್ಲಿ ಅಳೆದರೂ ಜಾಸ್ತಿ ಬರುತ್ತದೆ, ನೀರು ಪ್ಲೇಟಿಗಿಂತ ಕೆಳಗೆ ಇಳಿದಿದ್ದರೂ ಬರುತ್ತದೆ. ನಾನು ಮುಚ್ಚಳ ತೆಗೆದು, ಆಸಿಡ್ ಎಷ್ಟು ಗಟ್ಟಿ ಅಂತ ತೋರಿಸುವ ಹೈಡ್ರೋಮೀಟರ್ ಇಳಿಸಿ ನೋಡಿದೆ. ಐದು ಸೆಲ್ 1.230 ಹತ್ತಿರ, ಪಾಸಿಟಿವ್ ಕಡೆಯಿಂದ ಮೂರನೆಯದು 1.160, ನೀರೂ ಅದರಲ್ಲೇ ಕಮ್ಮಿ. ಡಿಸ್ಟಿಲ್ಡ್ ವಾಟರ್ ಹಾಕಿ ಎರಡು ದಿನ ಚಾರ್ಜಿಗೆ ಬಿಟ್ಟು ಮತ್ತೆ ಐದು ಬಲ್ಬು ಉರಿಸಿದೆ. 17 ಇದ್ದದ್ದು 14ಕ್ಕೆ ಬಂತು, ಅಲ್ಲೇ ನಿಂತಿತು. ಮೂರನೇ ಸೆಲ್ 1.180 ದಾಟಲಿಲ್ಲ. ಖಾಲಿ ಜಾರಿನಲ್ಲಿ ಮಿಕ್ಸಿ ಓಡುತ್ತಿತ್ತು, ತೆಂಗಿನಕಾಯಿ ಹಾಕಿದರೆ ಮತ್ತೆ ಕತ್ತಲು.